ಹ್ಯಾಂಗರಿಗೆ ಒಗ್ಗದ ಸ್ವೆಟರ್

ದಪ್ಪ ಸ್ವೆಟರನ್ನು ತಿಂಗಳುಗಟ್ಟಲೆ ಹ್ಯಾಂಗರಿಗೆ ತೂಗುಹಾಕಿದರೆ ಅದು ಎರಡು ಬಗೆಯಲ್ಲಿ ಕೆಡುತ್ತದೆ. ಹ್ಯಾಂಗರಿನ ತುದಿಗಳು ತಾಗಿದ ಕಡೆ, ಭುಜದ ಅಂಚಿನಲ್ಲೋ ತೋಳಿನ ಮೇಲ್ಭಾಗದಲ್ಲೋ, ಒಂದೊಂದು ಗುಬುಟು ಏಳುತ್ತದೆ. ತೊಟ್ಟುಕೊಂಡಾಗ ಭುಜದಲ್ಲಿ ಕೋಡು ಮೂಡಿದಂತೆ ಕಾಣುವುದರಿಂದ ಈ ದೋಷ ಯಾರ ಕಣ್ಣಿಗೂ ಬೀಳುತ್ತದೆ. ಎರಡನೆಯದು ಅಷ್ಟು ಬೇಗ ಗೊತ್ತಾಗುವುದಿಲ್ಲ. ಸ್ವೆಟರಿನ ಮೈ ಉದ್ದಕ್ಕೆ ಇಳಿದು, ಅಗಲದಲ್ಲಿ ಕಿರಿದಾಗಿ, ಕತ್ತಿನ ಬಾಯಿ ಅಗಲವಾಗಿರುತ್ತದೆ. ಹೋದ ವರ್ಷ ಸರಿಯಾಗಿದ್ದ ಸ್ವೆಟರು ಈ ವರ್ಷ ಯಾಕೋ ಮೈಗೆ ಕೂರುತ್ತಿಲ್ಲ ಎನ್ನಿಸುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಅದೇ ಹ್ಯಾಂಗರಿನಲ್ಲಿ ವರ್ಷಗಟ್ಟಲೆ ನೇತಾಡುವ ಶರಟಿಗೆ ಹೀಗಾಗುವುದಿಲ್ಲ. ಶರಟಿನ ಬಟ್ಟೆ ನೇಯ್ದದ್ದು. ಅದರಲ್ಲಿ ಹಾಸಿನ ಎಳೆಗಳು ಮೇಲಿನಿಂದ ಕೆಳಕ್ಕೆ ಹೆಚ್ಚುಕಡಿಮೆ ನೇರವಾಗಿರುತ್ತವೆ. ಅಂಥ ಬಟ್ಟೆ ಉದ್ದವಾಗಬೇಕಾದರೆ ನೂಲೇ ಹಿಗ್ಗಬೇಕು, ಅದು ಸುಲಭವಲ್ಲ. ಸ್ವೆಟರು ಹೆಣೆದದ್ದು. ಅದರಲ್ಲಿ ನೇರ ಎಳೆ ಎಂಬುದೇ ಇಲ್ಲ. ಒಂದೇ ನೂಲು ಬಳುಕಿ ಕುಣಿಕೆಯಾಗಿ, ಆ ಕುಣಿಕೆಯೊಳಗಿಂದ ಮೇಲಿನ ಸಾಲಿನ ಕುಣಿಕೆ ಹೊರಬಂದು, ಹೀಗೆ ಸಾಲಿನ ಮೇಲೆ ಸಾಲು ಕೂರುತ್ತದೆ. ಕೆಳಕ್ಕೆ ಎಳೆದರೆ ದುಂಡಗಿನ ಕುಣಿಕೆ ಉದ್ದುದ್ದವಾಗುತ್ತದೆ. ನೂಲು ಕೂದಲೆಳೆಯಷ್ಟೂ ಹಿಗ್ಗದೆ ಬಟ್ಟೆ ಮಾತ್ರ ಉದ್ದವಾಗುತ್ತದೆ. ಕುಣಿಕೆಯ ಪಕ್ಕಗಳಲ್ಲಿದ್ದ ನೂಲೇ ಉದ್ದಕ್ಕೆ ಬಳಕೆಯಾಗುವುದರಿಂದ ಅಗಲ ತಾನಾಗಿಯೇ ಕುಗ್ಗುತ್ತದೆ. ಸ್ವೆಟರು ಮೈಗೆ ಹಿತವಾಗಿ ಒಗ್ಗುವುದೂ ಈ ಗುಣದಿಂದಲೇ, ಹ್ಯಾಂಗರಿನಲ್ಲಿ ಕೆಡುವುದೂ ಇದರಿಂದಲೇ.

ಭಾರ ಹೇಗೆ ಹಂಚಿಕೊಳ್ಳುತ್ತದೆ ಎಂಬುದನ್ನು ಒಂದು ಸ್ವೆಟರಿನ ಲೆಕ್ಕದಿಂದ ನೋಡಬಹುದು. ಜಡೆ ಹೆಣಿಗೆಯ ದಪ್ಪ ಉಣ್ಣೆ ಸ್ವೆಟರೊಂದರ ತೂಕ 700 ಗ್ರಾಂ ಎಂದಿಟ್ಟುಕೊಳ್ಳೋಣ. ಅದರಲ್ಲಿ ತೋಳುಗಳದು ಸುಮಾರು 130 ಗ್ರಾಂ ತಲಾ, ಉಳಿದ 440 ಗ್ರಾಂ ಮೈಯದು. ತೂಗುಹಾಕಿದಾಗ ಕೆಳ ಅಂಚಿನ ಕುಣಿಕೆಗಳ ಮೇಲೆ ಯಾವ ಭಾರವೂ ಇಲ್ಲ. ನಡುಭಾಗದ ಸಾಲು ತನ್ನ ಕೆಳಗಿನ ಅರ್ಧವನ್ನು ಹೊರುತ್ತದೆ. ಭುಜದ ಸಾಲು ಎಲ್ಲವನ್ನೂ ಹೊರುತ್ತದೆ. ಆದ್ದರಿಂದ ಸ್ವೆಟರು ಎಲ್ಲ ಕಡೆ ಒಂದೇ ಸಮನಾಗಿ ಹಿಗ್ಗುವುದಿಲ್ಲ. ಎದೆಯಿಂದ ಮೇಲೆ ಹೆಚ್ಚು, ಕೆಳಗೆ ಕಡಿಮೆ. ಕಂಕುಳ ಕೆಳಗಿಳಿದು ತೋಳಿನ ಜೋಡಣೆ ಓರೆಯಾಗಿ ಕಾಣುವುದು ಇದರಿಂದ.

ತೋಳಿನ ಕಥೆ ಬೇರೆ. ಮನುಷ್ಯನ ಮೈಮೇಲೆ ತೋಳಿನ ಭಾರವನ್ನು ದುಂಡಗಿನ ಭುಜ ಹೊರುತ್ತದೆ, ಅಂಗೈ ಅಗಲದ ಜಾಗ. ಹ್ಯಾಂಗರಿನಲ್ಲಿ ಆ 130 ಗ್ರಾಂನ ಬಹುಪಾಲನ್ನು ಹೊರುವುದು ಬೆರಳ ತುದಿಯಷ್ಟು ಜಾಗ. ತಂತಿಯ ಹ್ಯಾಂಗರಾದರೆ ಅದಕ್ಕೂ ಕಡಿಮೆ. ಅಲ್ಲಿನ ಹತ್ತಿಪ್ಪತ್ತು ಕುಣಿಕೆಗಳು ತುದಿಯನ್ನು ಸುತ್ತುವರಿದು ಎಲ್ಲ ದಿಕ್ಕಿಗೂ ಎಳೆಸಿಕೊಳ್ಳುತ್ತವೆ. ಚಪ್ಪಟೆ ಬಟ್ಟೆ ಅಲ್ಲಿ ಬೋಗುಣಿಯ ಆಕಾರಕ್ಕೆ ಬರಬೇಕಾದರೆ ನೂಲು ಬೇಕು. ಆ ನೂಲನ್ನು ಅವು ಅಕ್ಕಪಕ್ಕದ ಕುಣಿಕೆಗಳಿಂದ ಸ್ವಲ್ಪ ಸ್ವಲ್ಪವಾಗಿ ಎಳೆದುಕೊಳ್ಳುತ್ತವೆ. ಒಮ್ಮೆ ಜಾರಿದ ನೂಲು ಭಾರ ತೆಗೆದ ಮಾತ್ರಕ್ಕೆ ವಾಪಸು ಜಾರುವುದಿಲ್ಲ. ಕುಣಿಕೆಗಳ ನಡುವಿನ ಉಜ್ಜುವಿಕೆ ಅದನ್ನು ಅಲ್ಲಿಯೇ ಹಿಡಿದಿಡುತ್ತದೆ. ಹ್ಯಾಂಗರು ಭುಜಕ್ಕಿಂತ ಅಗಲವಾಗಿದ್ದರೆ ಗುಬುಟು ತೋಳಿನ ಮೇಲೆ ಮೂಡುತ್ತದೆ; ಕಿರಿದಾಗಿದ್ದರೆ ಭುಜದ ನಡುವೆ.

ಭುಜದ ಹೊಲಿಗೆಯೊಳಗೆ ಹಿಗ್ಗದ ಪಟ್ಟಿ ಕೂರಿಸಿದ ಸ್ವೆಟರುಗಳು ಇದನ್ನು ತುಸು ತಡೆದುಕೊಳ್ಳುತ್ತವೆ. ಕತ್ತಿನಿಂದ ಕಂಕುಳಿಗೆ ಓರೆಯಾಗಿ ತೋಳು ಕೂಡಿಸಿದ ಮಾದರಿಯಲ್ಲಿ ಭುಜದ ಮೇಲೆ ಹೊಲಿಗೆಯೇ ಇರುವುದಿಲ್ಲ. ಹಾಗಾಗಿ ಅವು ಬೇಗ ಸೋಲುತ್ತವೆ.

ಇಷ್ಟೇ ಆಗಿದ್ದರೆ ಒಂದು ರಾತ್ರಿ ತೂಗುಹಾಕಿದ ಸ್ವೆಟರನ್ನು ಕೊಡವಿ ಹಾಸಿಟ್ಟರೆ ಸರಿಹೋಗಬೇಕು. ನಿಜಕ್ಕೂ ಬಹುಮಟ್ಟಿಗೆ ಸರಿಹೋಗುತ್ತದೆ. ಆಕಾರವನ್ನು ಗಟ್ಟಿ ಮಾಡುವುದು ಕಾಲ ಮತ್ತು ತೇವ. ಉಣ್ಣೆ ಗಾಳಿಯಲ್ಲಿನ ತೇವವನ್ನು ವಿಪರೀತ ಹೀರುವ ನಾರು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 65ರಷ್ಟಿದ್ದಾಗ ಅದು ತನ್ನ ಒಣ ತೂಕದ ಸುಮಾರು ಶೇಕಡಾ 16ರಷ್ಟು ನೀರನ್ನು ಒಳಗಿಟ್ಟುಕೊಂಡಿರುತ್ತದೆ. ಶೇಕಡಾ 90ರ ಗಾಳಿಯಲ್ಲಿ ಇದು 20 ದಾಟುತ್ತದೆ. ಮುಟ್ಟಿದರೆ ಒದ್ದೆ ಎನ್ನಿಸುವುದೇ ಇಲ್ಲ. ನಾರಿನೊಳಗಿನ ಪ್ರೋಟೀನು ಸರಪಳಿಗಳನ್ನು ಒಂದಕ್ಕೊಂದು ಹಿಡಿದಿರುವ ದುರ್ಬಲವಾದ ಹೈಡ್ರೋಜನ್ ಬಂಧಗಳನ್ನು ಈ ನೀರು ಬಿಡಿಸುತ್ತದೆ. ಗಾಳಿ ಒಣಗಿದಾಗ ನೀರು ಹೊರಹೋಗಿ ಬಂಧಗಳು ಮತ್ತೆ ಕೂಡಿಕೊಳ್ಳುತ್ತವೆ, ಆದರೆ ನಾರು ಆ ಹೊತ್ತಿಗೆ ಯಾವ ಬಾಗಿನಲ್ಲಿದೆಯೋ ಆ ಬಾಗಿನಲ್ಲಿ. ಹ್ಯಾಂಗರಿನ ತುದಿಯಲ್ಲಿ ಬಾಗಿದ್ದರೆ ಆ ಬಾಗೇ ಅದರ ಹೊಸ ಆಕಾರ.

ಈ ದೃಷ್ಟಿಯಿಂದ ಮಲೆನಾಡು, ಕೊಡಗು, ಕರಾವಳಿಯ ಬೀರುಗಳು ಸ್ವೆಟರಿಗೆ ತೀರ ಪ್ರತಿಕೂಲ. ವರ್ಷದಲ್ಲಿ ಕೆಲವೇ ವಾರ ತೊಡುವ ಸ್ವೆಟರು ಉಳಿದ ಕಾಲವೆಲ್ಲ ಒಳಗಿರುತ್ತದೆ, ಅದರಲ್ಲಿ ಇಡೀ ಮಳೆಗಾಲವೂ ಸೇರಿದೆ. ತೇವ ಏರಿ ಇಳಿದ ಪ್ರತಿ ಸಲವೂ ಗುಬುಟು ಇನ್ನಷ್ಟು ಭದ್ರವಾಗುತ್ತದೆ. ಒಗೆದ ಸ್ವೆಟರನ್ನು ಹ್ಯಾಂಗರಿನಲ್ಲಿ ಒಣಹಾಕುವುದು ಇದೇ ತಪ್ಪಿನ ಅತಿರೇಕ. ಹಿಂಡಿದ ಮೇಲೂ ಉಳಿಯುವ ನೀರು 700 ಗ್ರಾಂ ಸ್ವೆಟರನ್ನು ಒಂದು ಕಿಲೋ ದಾಟಿಸುತ್ತದೆ, ನಾರು ಅತ್ಯಂತ ಮೆತ್ತಗಿರುವ ಹೊತ್ತೂ ಅದೇ. ಬೀರುವಿನಲ್ಲಿ ತಿಂಗಳುಗಳಲ್ಲಿ ಆಗುವ ಹಾನಿ ಇಲ್ಲಿ ಒಂದು ಮಧ್ಯಾಹ್ನದಲ್ಲಿ ಆಗಿಬಿಡುತ್ತದೆ.

ಅಗಲವಾದ ಮರದ ಹ್ಯಾಂಗರು, ಸ್ಪಂಜು ಸುತ್ತಿದ ಹ್ಯಾಂಗರು ಗುಬುಟನ್ನು ಕಡಿಮೆ ಮಾಡುತ್ತವೆ, ಏಕೆಂದರೆ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ. ಮೈ ಉದ್ದವಾಗುವುದನ್ನು ಮಾತ್ರ ಯಾವ ಹ್ಯಾಂಗರೂ ತಡೆಯಲಾರದು. ಅಂಗಡಿಯವರು ಇವುಗಳ ಬಗ್ಗೆ ಹೇಳುವುದರಲ್ಲಿ ಅರ್ಧ ಸತ್ಯವಷ್ಟೇ ಇದೆ. ತೆಳ್ಳನೆಯ, ನುಣುಪು ಹೆಣಿಗೆಯ ಹಗುರ ಸ್ವೆಟರಾದರೆ ಅಗಲ ಹ್ಯಾಂಗರು ಸಾಕಾಗಬಹುದು. ಸಂದೇಹವಿದ್ದಲ್ಲಿ ಟೇಪು ಹಿಡಿದು ನೋಡುವುದು ಒಳ್ಳೆಯದು. ಮಂಚದ ಮೇಲೆ ಹಾಸಿ, ಕತ್ತಿನ ಪಕ್ಕದ ಭುಜದಿಂದ ಕೆಳ ಅಂಚಿನವರೆಗೆ ಅಳೆದು, ಆಮೇಲೆ ಎರಡೂ ಭುಜ ಹಿಡಿದೆತ್ತಿ ಮತ್ತೆ ಅಳೆಯಬೇಕು. 64 ಸೆಂಟಿಮೀಟರ್ ಇದ್ದದ್ದು 67 ಆದರೆ ಆ ಸ್ವೆಟರಿನ ಜಾಗ ಹ್ಯಾಂಗರಲ್ಲ, ಕಪಾಟಿನ ಹಲಗೆ.

ಮಡಚಿಟ್ಟ ಸ್ವೆಟರಿನ ಭಾರವನ್ನು ಹಲಗೆಯೇ ಹೊರುತ್ತದೆ, ಕುಣಿಕೆಗಳಿಗೆ ಎಳೆತವೇ ಇಲ್ಲ. ಮಡಿಕೆಯ ಗೆರೆ ಬೀಳಬಹುದಲ್ಲ ಎಂದರೆ, ಬೀಳುತ್ತದೆ. ಆದರೆ ಗೆರೆಯಲ್ಲಿ ಬಟ್ಟೆ ಬಾಗಿರುತ್ತದೆಯೇ ಹೊರತು ಹಿಗ್ಗಿರುವುದಿಲ್ಲ. ತೊಟ್ಟ ಸ್ವಲ್ಪ ಹೊತ್ತಿಗೆ ಮೈಯ ಬಿಸಿ ಮತ್ತು ತೇವಕ್ಕೆ ಅದು ಹೆಚ್ಚಾಗಿ ಬಿಟ್ಟುಕೊಳ್ಳುತ್ತದೆ.

ದಪ್ಪ ಸ್ವೆಟರಿನ ಮಡಿಕೆಯಲ್ಲಿ ನೆನಪಿಡಬೇಕಾದದ್ದು ಎರಡು: ಎದೆಯ ನಡುವೆ ಉದ್ದಕ್ಕೆ ಗೆರೆ ಬೀಳಬಾರದು, ತೋಳುಗಳು ಒಂದರ ಮೇಲೊಂದು ಗುಡ್ಡೆಯಾಗಬಾರದು. ಸ್ವೆಟರನ್ನು ಬೋರಲಾಗಿ, ಅಂದರೆ ಬೆನ್ನು ಮೇಲಾಗುವಂತೆ ಹಾಸಿ ಕೈಯಿಂದ ಸವರಿ ಸಮ ಮಾಡಬೇಕು, ಎಳೆಯಬಾರದು. ಬೆನ್ನಿನ ಮೇಲೆ ಒಂದು ಹಳೆಯ ಮೆತ್ತನೆ ಹತ್ತಿ ಬಟ್ಟೆ ಹಾಸಬಹುದು, ಸವೆದ ಪಂಚೆಯ ತುಂಡು ಇದಕ್ಕೆ ಹೇಳಿಮಾಡಿಸಿದ್ದು. ಬಲ ಭುಜದ ನಡುವಿನಿಂದ ನೇರ ಕೆಳಕ್ಕೆ ಗೆರೆ ಇದೆ ಎಂದುಕೊಂಡು ಆ ಬದಿಯನ್ನು ತೋಳಿನ ಸಮೇತ ಒಳಕ್ಕೆ ಮಡಚಬೇಕು. ತೋಳು ಬೆನ್ನಿನ ಮೇಲೆ ಅಡ್ಡಲಾಗಿ ಚಾಚಿಕೊಳ್ಳುತ್ತದೆ. ಅದನ್ನು ಭುಜದ ಹತ್ತಿರ ತಿರುಗಿಸಿ ಸ್ವೆಟರಿನ ಉದ್ದಕ್ಕೆ ಸಮವಾಗಿ ಕೆಳಗೆ ಮಲಗಿಸಬೇಕು. ಎಡಬದಿಯೂ ಹೀಗೆಯೇ. ಈಗ ಅಗಲ 25ರಿಂದ 30 ಸೆಂಟಿಮೀಟರ್ ಉಳಿದಿರುತ್ತದೆ. ಕೆಳ ಅಂಚನ್ನು ಮೂರನೇ ಒಂದು ಭಾಗದಷ್ಟು ಮೇಲಕ್ಕೆ ತಂದು, ಇನ್ನೊಮ್ಮೆ ಮಡಚಿದರೆ ಮುಗಿಯಿತು. ತಿರುವಿ ಇಟ್ಟಾಗ ಎದೆ ಮೇಲೆ ಬರುತ್ತದೆ, ಗೆರೆಗಳೆಲ್ಲ ಪಕ್ಕಕ್ಕೋ ಅಡ್ಡಕ್ಕೋ ಇರುತ್ತವೆ. ತೀರ ದಪ್ಪದ್ದಾದರೆ ಮೂರು ಮಡಿಕೆ ಬೇಡ, ಸೊಂಟದಲ್ಲಿ ಒಂದೇ ಮಡಿಕೆ ಸಾಕು.

ಅಡುಕುವಾಗ ಭಾರದ್ದು ಅಡಿಯಲ್ಲಿ, ಹಗುರದ್ದು ಮೇಲೆ. ನಾಲ್ಕೈದಕ್ಕಿಂತ ಹೆಚ್ಚಾದರೆ ಅಡಿಯದು ಒತ್ತಿ ಅಪ್ಪಚ್ಚಿಯಾಗುತ್ತದೆ. ಸುರುಳಿ ಸುತ್ತುವುದು ಪ್ರಯಾಣದ ಪೆಟ್ಟಿಗೆಯಲ್ಲಿ ತೆಳು ಸ್ವೆಟರಿಗೆ ಸರಿ. ಜಡೆ ಹೆಣಿಗೆಯದನ್ನು ಬಿಗಿಯಾಗಿ ಸುತ್ತಿದರೆ ಸುರುಳಿಯ ಹೊರ ಪದರು ಎಳೆಸಿಕೊಂಡು, ಒಳಪದರು ನೆರಿಗೆಗಟ್ಟುತ್ತದೆ. ತೊಟ್ಟ ಸ್ವೆಟರನ್ನು ಹಾಗೇ ಒಳಗಿಡುವುದೂ ತಪ್ಪು, ಏಕೆಂದರೆ ಉಣ್ಣೆ ತಿನ್ನುವ ನುಸಿಯ ಮರಿಗಳಿಗೆ ಬೆವರು, ಆಹಾರದ ಕಲೆಯಿರುವ ಜಾಗವೇ ಹೆಚ್ಚು ಇಷ್ಟ.

ಹಲಗೆಯಲ್ಲಿ ಜಾಗವಿಲ್ಲದಿದ್ದಾಗ ಹ್ಯಾಂಗರನ್ನೇ ಬಳಸುವ ಒಂದು ಉಪಾಯವಿದೆ. ಸ್ವೆಟರನ್ನು ಉದ್ದಕ್ಕೆ ಎರಡಾಗಿ, ತೋಳಿನ ಮೇಲೆ ತೋಳು ಕೂರುವಂತೆ ಮಡಚಬೇಕು. ಹ್ಯಾಂಗರನ್ನು ಅದರ ಮೇಲೆ, ಕೊಕ್ಕೆ ಕಂಕುಳಿನ ಮೂಲೆಯಿಂದ ಹೊರಗೆ ಚಾಚುವಂತೆ ಓರೆಯಾಗಿ ಇಡಬೇಕು. ಆಗ ಹ್ಯಾಂಗರಿನ ಒಂದು ಕೈ ಮೈಯ ಮೇಲೆ, ಇನ್ನೊಂದು ತೋಳುಗಳ ಮೇಲೆ ಬರುತ್ತದೆ. ಮೈಯನ್ನು ಒಂದು ಕೈಯ ಮೇಲೆ, ತೋಳುಗಳನ್ನು ಇನ್ನೊಂದರ ಮೇಲೆ ಹಾಯಿಸಿ ತುದಿಗಳನ್ನು ಕೆಳಗಿನ ಕಂಬಿಯೊಳಗೆ ತೂರಿಸಿದರಾಯಿತು. ಭಾರ ತುದಿಗಳಿಂದ ಬಿಡುಗಡೆಯಾಗಿ ಹ್ಯಾಂಗರಿನ ಇಡೀ ಉದ್ದಕ್ಕೆ ಹಂಚಿಹೋಗುತ್ತದೆ, ಭುಜಕ್ಕೆ ಏನೂ ತಾಗುವುದಿಲ್ಲ. ದಿನವೂ ತೊಡುವ ಸ್ವೆಟರಿಗೆ ಇದು ಅನುಕೂಲ. ವರ್ಷವಿಡೀ ಇಡುವುದಕ್ಕೆ ಅಲ್ಲ, ಕಂಬಿ ತಾಗಿದ ಕಡೆ ಓರೆ ಗೆರೆ ನಿಲ್ಲುತ್ತದೆ.

ಈಗಾಗಲೇ ಗುಬುಟು ಎದ್ದಿದ್ದರೆ ಏನು ಮಾಡಬೇಕೆಂಬುದು ನಾರಿನ ಮೇಲೆ ನಿಂತಿದೆ. ಉಣ್ಣೆಯಾದರೆ ತೇವ ಕೆಡಿಸಿದ್ದನ್ನು ತೇವವೇ ಸರಿಪಡಿಸುತ್ತದೆ. ಗುಬುಟಿನ ಮೇಲೆ ನೀರು ಚಿಮುಕಿಸಿ, ಉಗಿ ಇಸ್ತ್ರಿಪೆಟ್ಟಿಗೆಯನ್ನು ಎರಡು ಮೂರು ಸೆಂಟಿಮೀಟರ್ ಮೇಲೆ ಹಿಡಿದು ಉಗಿ ಬಿಡಬೇಕು, ತಾಗಿಸಿ ಒತ್ತಬಾರದು. ಆಮೇಲೆ ಅಂಗೈಯಿಂದ ತಟ್ಟಿ, ಸುತ್ತಲಿನಿಂದ ನಡುವಿಗೆ ಮೆಲ್ಲಗೆ ಒಟ್ಟಿ, ಪೂರ್ತಿ ಒಣಗುವವರೆಗೆ ಹಾಸಿಯೇ ಇಡಬೇಕು. ಮೈಯೇ ಉದ್ದವಾಗಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ದಪ್ಪ ಟವೆಲಿನಲ್ಲಿ ಸುತ್ತಿ ನೀರು ಒತ್ತಿ ತೆಗೆದು, ಮೊದಲಿನ ಅಳತೆಗೆ ಕೂಡಿಸಿ ನೆರಳಿನಲ್ಲಿ ಹಾಸಿ ಒಣಗಿಸಬೇಕು.

ಹತ್ತಿಯ ಹೆಣಿಗೆಗೆ ಉಣ್ಣೆಯ ಪುಟಿತವಿಲ್ಲ, ಒಗೆದಾಗ ಸ್ವಲ್ಪ ಕುಗ್ಗಿ ಹಿಂದಿನ ಅಳತೆಗೆ ಹತ್ತಿರ ಬರುತ್ತದೆ, ಅಷ್ಟೇ. ಇಲ್ಲಿನ ಅಂಗಡಿಗಳಲ್ಲಿ ಹೇರಳವಾಗಿ ಸಿಗುವ ಅಕ್ರಿಲಿಕ್ ಸ್ವೆಟರಿನ ವಿಷಯದಲ್ಲಿ ಎಚ್ಚರ ಬೇಕು. ಅದು ತೇವ ಹೀರುವುದು ತೀರ ಕಡಿಮೆ, ಆದರೆ ಬಿಸಿಗೆ ಮೆತ್ತಗಾಗುತ್ತದೆ, ಒದ್ದೆಯಾಗಿದ್ದರೆ ಕುದಿಯುವ ನೀರಿಗಿಂತ ಸಾಕಷ್ಟು ಕಡಿಮೆ ಬಿಸಿಗೇ. ಗುಬುಟು ತೆಗೆಯಲೆಂದು ಅದಕ್ಕೆ ಉಗಿ ಕೊಟ್ಟರೆ ಆ ಜಾಗದ ನೂಲು ಪುಟಿತ ಕಳೆದುಕೊಂಡು ಜೋತುಬೀಳುತ್ತದೆ, ಮತ್ತೆ ಯಾವ ಉಪಾಯಕ್ಕೂ ಮೇಲೇಳುವುದಿಲ್ಲ. ಅಕ್ರಿಲಿಕ್ ಎಂದು ಚೀಟಿಯಲ್ಲಿದ್ದರೆ ತಣ್ಣೀರಿನಲ್ಲಿ ಒಗೆದು ಹಾಸಿ ಒಣಗಿಸುವಷ್ಟಕ್ಕೇ ನಿಲ್ಲಬೇಕು. ಅಷ್ಟರಿಂದ ಹೋಗದ ಗುಬುಟನ್ನು ಹಾಗೇ ಬಿಡುವುದೇ ಮೇಲು.