'ಪಾರ್ಟ್ ಇನ್ನೂ ಬಂದಿಲ್ಲ' ಅಂದ್ರೆ ಏನರ್ಥ? ವಾರಂಟಿ ಫೋನು ಸರ್ವೀಸ್ ಸೆಂಟರ್‌ನಲ್ಲಿ ಕಾಯೋ ಕಥೆ

ಇವತ್ತಿನ ಎಪಿಸೋಡ್ ಒಂದೇ ಒಂದು ವಾಕ್ಯದ ಬಗ್ಗೆ. 'ಪಾರ್ಟ್ ಇನ್ನೂ ಬಂದಿಲ್ಲ, ಎರಡು ದಿನ ಬಿಟ್ಟು ಫೋನ್ ಮಾಡಿ.' ನೀವು ಇದನ್ನ ಕೇಳಿಸಿಕೊಂಡಿರ್ತೀರಿ. ನಾನು ಹೊಳೆನರಸೀಪುರದ ಒಂದು ಮೊಬೈಲ್ ಸರ್ವೀಸ್ ಸೆಂಟರ್ ಕೌಂಟರ್‌ನಲ್ಲಿ ಕೂತು ನಾಲ್ಕು ವರ್ಷ ಇದನ್ನ ಹೇಳಿದೀನಿ. ಅದ್ರಲ್ಲಿ ಎಷ್ಟೋ ಸಲ ಅದು ನಿಜ ಇರ್ತಿತ್ತು. ಕೆಲವು ಸಲ ನಿಜ ಹೌದೋ ಅಲ್ವೋ ಅಂತ ನನಗೇ ಗೊತ್ತಿರ್ತಿರಲಿಲ್ಲ. ಆ ಎರಡನೇ ಥರದ್ದೇ ಇವತ್ತಿನ ವಿಷಯ.

ಮೊದಲು ಒಳಗೆ ಏನಾಗುತ್ತೆ ಅಂತ ಹೇಳ್ತೀನಿ. ನೀವು ಫೋನ್ ಕೊಟ್ಟ ತಕ್ಷಣ ಐಎಂಇಐ ನಂಬರ್ ಹಾಕಿ ವಾರಂಟಿ ಇದೆಯಾ ನೋಡ್ತೀವಿ. ಬಿಲ್ ನೋಡ್ತೀವಿ. ಒಳಗೆ ನೀರು ಹೋಗಿದೆಯಾ ಅಂತ ಸಣ್ಣ ಸ್ಟಿಕ್ಕರ್ ನೋಡ್ತೀವಿ, ನೀರು ತಾಗಿದ್ರೆ ಅದು ಕೆಂಪಾಗಿರುತ್ತೆ. ಎಲ್ಲ ಸರಿ ಇದ್ರೆ ಜಾಬ್ ಶೀಟ್ ಆಗುತ್ತೆ. ಟೆಕ್ನಿಷಿಯನ್ ಬಿಚ್ಚಿ ನೋಡಿ ಯಾವ ಪಾರ್ಟ್ ಹೋಗಿದೆ ಅಂತ ಬರೀತಾನೆ. ನಮ್ಮ ಹತ್ರ ಸ್ಟಾಕ್ ಇಲ್ಲದಿದ್ರೆ ಕಂಪನಿಯ ಸಾಫ್ಟ್‌ವೇರ್‌ನಲ್ಲಿ ಆರ್ಡರ್ ಹಾಕ್ತೀವಿ. ಅಲ್ಲಿಂದಾಚೆಗೆ ಆ ಜಾಬ್‌ನ ಮುಂದೆ ಒಂದು ಪದ ಬಂದು ಕೂರುತ್ತೆ: 'ಪಾರ್ಟ್ ಪೆಂಡಿಂಗ್'.

ಎಡವಟ್ಟು ಶುರುವಾಗೋದು ಈ ಪದದಿಂದಲೇ. ಇದರೊಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ಪರಿಸ್ಥಿತಿ ಅಡಗಿರುತ್ತೆ. ಆರ್ಡರ್ ಹಾಕಿದೀವಿ, ಕಂಪನಿ ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ಒಪ್ಪಿಗೆ ಸಿಕ್ಕಿದೆ, ಗೋದಾಮಿನಲ್ಲೇ ಮಾಲಿಲ್ಲ. ಮಾಲು ಹೊರಟಿದೆ, ಕೊರಿಯರ್‌ನಲ್ಲಿದೆ. ಕೊನೇದು, ಪಾರ್ಟ್ ಬಂದಿದೆ, ಆದ್ರೆ ನಿಮ್ಮ ಫೋನಿಗೆ ಸೇರಿಲ್ಲ. ಮೊದಲ ಮೂರಕ್ಕೆ ನಾವು ಹೆಚ್ಚೇನೂ ಮಾಡೋಕಾಗಲ್ಲ. ನಾಲ್ಕನೇದು ಪೂರ್ತಿ ನಮ್ಮ ತಪ್ಪು. ಕೇಳೋ ಗ್ರಾಹಕರಿಗೆ ಮಾತ್ರ ನಾಲ್ಕಕ್ಕೂ ಒಂದೇ ಉತ್ತರ ಸಿಗ್ತಿತ್ತು.

ಒಂದು ಕೇಸ್ ಹೇಳ್ತೀನಿ. ಅರಕಲಗೂಡು ಕಡೆಯ ಒಂದು ಹಳ್ಳಿಯ ಹುಡುಗಿ, ಡಿಗ್ರಿ ಎರಡನೇ ವರ್ಷ. ಫೋನ್ ಚಾರ್ಜ್ ಆಗ್ತಿಲ್ಲ ಅಂತ ಜೂನ್ 3, ಮಂಗಳವಾರ ತಂದ್ಲು. ವಾರಂಟಿ ಮುಗಿಯೋದು ಜೂನ್ 11ಕ್ಕೆ. ಬಿಚ್ಚಿ ನೋಡಿದ್ರೆ ಕೆಳಗಿನ ಚಿಕ್ಕ ಬೋರ್ಡ್, ಅಂದ್ರೆ ಚಾರ್ಜಿಂಗ್ ಪೋರ್ಟ್ ಇರೋ ಸಬ್ ಬೋರ್ಡ್, ಹೋಗಿತ್ತು. ಅವತ್ತೇ ಆರ್ಡರ್ ಹಾಕಿದ್ವಿ. 'ಒಂದು ವಾರ ಆಗುತ್ತೆ, ಬಂದ ತಕ್ಷಣ ಫೋನ್ ಮಾಡ್ತೀವಿ' ಅಂದೆ. ಸುಳ್ಳೇನೂ ಹೇಳಿರಲಿಲ್ಲ.

ಜೂನ್ 9ಕ್ಕೆ ಪಾರ್ಸೆಲ್ ಬಂತು, ಅದ್ರಲ್ಲಿ ಅವಳ ಬೋರ್ಡೂ ಇತ್ತು. ಸ್ಟೋರ್ ನೋಡ್ಕೊಳ್ಳೋ ಹುಡುಗ ಸಾಫ್ಟ್‌ವೇರ್‌ನಲ್ಲಿ 'ಪಾರ್ಟ್ ರಿಸೀವ್ಡ್' ಅಂತ ಒತ್ತಿದ. ಅದೇ ಹೊತ್ತಿಗೆ ಕೌಂಟರ್ ಮುಂದೆ ಇನ್ನೊಬ್ಬರು ನಿಂತು ಜೋರಾಗಿ ಜಗಳ ಮಾಡ್ತಿದ್ರು. ಅವರದ್ದೂ ಅದೇ ಮಾಡೆಲ್, ಅದೇ ತೊಂದರೆ. ಟೆಕ್ನಿಷಿಯನ್ ಆ ಬೋರ್ಡ್ ತಗೊಂಡು ಅವರ ಫೋನಿಗೆ ಹಾಕಿ ಕಳಿಸಿದ. ಅವರ ಹೆಸರಲ್ಲಿ ಬರೋ ಬೋರ್ಡನ್ನ ಇವಳಿಗೆ ಹಾಕೋಣ ಅಂತ ಅವನ ಲೆಕ್ಕ. ಆದ್ರೆ ಬದಲಾಯಿಸಿದ್ದನ್ನ ಯಾವ ಶೀಟಿನಲ್ಲೂ ಬರೀಲಿಲ್ಲ. ಅವರ ಜಾಬ್ ಮುಗಿದಿದ್ರಿಂದ ಅವರ ಆರ್ಡರ್ ತಾನಾಗೇ ರದ್ದಾಯ್ತು. ಅಲ್ಲಿಗೆ ಇವಳ ಫೋನಿಗೆ ಬೋರ್ಡೂ ಇಲ್ಲ, ಆರ್ಡರೂ ಇಲ್ಲ.

ಕಂಪ್ಯೂಟರ್ ಮಾತ್ರ ಪಾರ್ಟ್ ಬಂದಿದೆ ಅಂತ ತೋರಿಸ್ತಿತ್ತು. ಪಾರ್ಟ್ ಬಾರದ ಜಾಬ್‌ಗಳನ್ನ ಮಾತ್ರ ನಾವು ಬೆಳಗ್ಗೆ ನೋಡ್ತಿದ್ವಿ. ಇವಳ ಜಾಬ್ ಆ ಪಟ್ಟಿಯಿಂದ ಹೊರಗೆ ಹೋಗಿತ್ತು. ರಿಪೇರಿ ಮುಗಿದವರ ಪಟ್ಟಿಗೂ ಬಂದಿರಲಿಲ್ಲ. ಎಂಟು ದಿನ ಆ ಫೋನ್ ನೀಲಿ ಟ್ರೇನಲ್ಲಿ ಸುಮ್ಮನೆ ಕೂತಿತ್ತು.

ಜೂನ್ 17ಕ್ಕೆ ಅವಳೇ ಬಂದ್ಲು. ಊರಿಂದ ಅರಕಲಗೂಡಿಗೆ ಒಂದು ಬಸ್ಸು, ಅಲ್ಲಿಂದ ಇಲ್ಲಿಗೆ ಇನ್ನೊಂದು. 'ಅಕ್ಕ, ನೀವು ಫೋನೇ ಮಾಡಲಿಲ್ಲ' ಅಂದ್ಲು. ಶೀಟ್ ತೆಗೆದು ನೋಡಿದೆ. ಕಾಂಟ್ಯಾಕ್ಟ್ ನಂಬರ್ ಅಂತ ಇದ್ದ ಜಾಗದಲ್ಲಿ ಅವಳದ್ದೇ ನಂಬರ್ ಇತ್ತು. ಆ ಸಿಮ್ ಅದೇ ಫೋನಿನೊಳಗೆ, ನಮ್ಮದೇ ಟ್ರೇನಲ್ಲಿ, ಸ್ವಿಚ್ ಆಫ್ ಆಗಿ ಮಲಗಿತ್ತು. ನಾನು ಪ್ರತಿದಿನ ಕರೆ ಮಾಡಿದ್ರೂ ಅವಳಿಗೆ ಸೇರ್ತಿರಲಿಲ್ಲ! ಕಂಪನಿ ಕಳಿಸೋ ಎಸ್ಸೆಮ್ಮೆಸ್ಸೂ ಅಲ್ಲಿಗೇ ಹೋಗ್ತಿತ್ತು. ಸ್ಕಾಲರ್‌ಶಿಪ್ ಅರ್ಜಿಯ ಓಟಿಪಿ ಕೂಡ ಅದೇ ನಂಬರಿಗೆ ಬರ್ಬೇಕಿತ್ತಂತೆ. ಅವಳು ಬಸ್ ಹತ್ತಿ ಬಂದಿದ್ದು ಮುಖ್ಯವಾಗಿ ಅದಕ್ಕೇ.

ನಗು ಬರುತ್ತೆ ಅಲ್ವಾ? ಆದ್ರೆ ಅವತ್ತು ಸಂಜೆ ಕೂತು ಹಳೇ ಶೀಟ್ ತಿರುವಿ ಹಾಕಿದಾಗ ಇಂಥವು ಇನ್ನೂ ಸುಮಾರು ಸಿಕ್ಕಿದ್ವು. ಕೆಟ್ಟ ಫೋನಿನ ನಂಬರನ್ನೇ ಬರೆದುಕೊಂಡು ಅದಕ್ಕೇ ಕರೆ ಮಾಡಿ, 'ಕಸ್ಟಮರ್ ನಾಟ್ ರೀಚಬಲ್' ಅಂತ ಷರಾ ಹಾಕ್ಕೊಂಡು ಕೂತಿದ್ವಿ.

ಅವತ್ತಿಂದ ನಾವು ಬದಲಾಯಿಸಿದ್ದು ಮುಖ್ಯವಾಗಿ ಎರಡು. ಒಂದು ಶೆಲ್ಫಿನಲ್ಲಿ, ಇನ್ನೊಂದು ಶೀಟಿನಲ್ಲಿ.

ಶೆಲ್ಫಿನ ವಿಷಯ ಸರಳ. ಬಂದ ಪ್ರತಿ ಪಾರ್ಟನ್ನೂ ಜಿಪ್ ಕವರಿಗೆ ಹಾಕಿ, ಮೇಲೆ ಜಾಬ್ ನಂಬರ್ ಬರೆದು, ಅದೇ ಫೋನಿನ ಟ್ರೇನಲ್ಲಿ ಇಡೋದು. ಬೇರೆ ಫೋನಿಗೆ ಹಾಕಲೇಬೇಕಾಗಿ ಬಂದ್ರೆ ಎರಡೂ ಶೀಟಿನಲ್ಲಿ ಬರೆದು, ಮೊದಲನೇ ಫೋನಿಗೆ ಅವತ್ತೇ ಹೊಸ ಆರ್ಡರ್ ಹಾಕ್ಬೇಕು. ಶನಿವಾರ ಸಂಜೆ ಟ್ರೇಗಳನ್ನ ಕೈಯಲ್ಲಿ ಮುಟ್ಟಿ ಎಣಿಸಿ ಪಟ್ಟಿಗೆ ತಾಳೆ ಹಾಕ್ತೀವಿ. ಟ್ರೇನಲ್ಲಿ ಫೋನ್ ಇದ್ದು, ಪಟ್ಟಿಯಲ್ಲಿ ಪಾರ್ಟ್ ಬಂದಿದೆ ಅಂತಿದ್ದು, ಕವರ್ ಮಾತ್ರ ಇಲ್ಲ ಅಂದ್ರೆ ಅದು ಈ ಹುಡುಗಿಯ ಥರದ್ದೇ ಕೇಸ್.

ಶೀಟ್ ಅಂದ್ರೆ ಕಂಪನಿ ಸಾಫ್ಟ್‌ವೇರ್ ಅಲ್ಲ, ನಮ್ಮದೇ ಒಂದು ಗೂಗಲ್ ಶೀಟ್. ಕಂಪನಿಯದ್ದರಲ್ಲಿ ಜಾಬ್ ಎಲ್ಲಿದೆ ಅಂತ ಗೊತ್ತಾಗುತ್ತೆ, ಗ್ರಾಹಕರಿಗೆ ಯಾವಾಗ ಹೇಳಿದ್ವಿ ಅಂತ ಗೊತ್ತಾಗಲ್ಲ. ನಮ್ಮದರಲ್ಲಿ ಜಾಬ್ ನಂಬರ್, ಫೋನ್ ಕೊಟ್ಟ ದಿನ, ಆರ್ಡರ್ ನಂಬರ್, ಆಗ ಹೇಳಿದ ನಾಲ್ಕರಲ್ಲಿ ಯಾವ ಪರಿಸ್ಥಿತಿ, ಬೇರೆ ಫೋನಿನ ನಂಬರ್ ಮತ್ತು 'ಮುಂದಿನ ಕರೆ' ಅನ್ನೋ ತಾರೀಖು ಇರುತ್ತೆ. ಜಾಬ್‌ಗೆ ಎಷ್ಟು ದಿನ ಆಯ್ತು ಅಂತ ಲೆಕ್ಕ ಹಾಕೋಕೆ ಒಂದೇ ಸಾಲು ಸಾಕು. ಬಿ ಕಾಲಮ್‌ನಲ್ಲಿ ಫೋನ್ ಕೊಟ್ಟ ದಿನ ಇದೆ ಅಂದ್ಕೊಳ್ಳಿ:

```
=TODAY()-B2
```

ಆದ್ರೆ ಬೆಳಗ್ಗೆ ನಾನು ನೋಡೋದು ಇದನ್ನಲ್ಲ, 'ಮುಂದಿನ ಕರೆ' ಕಾಲಮ್. ಅಲ್ಲಿ ಇವತ್ತಿನ ತಾರೀಖು ಇರೋರಿಗೆಲ್ಲ ಹನ್ನೊಂದು ಗಂಟೆಯೊಳಗೆ ಕರೆ ಹೋಗ್ಬೇಕು, ಹೇಳೋಕೆ ಹೊಸ ಸುದ್ದಿ ಇಲ್ಲದಿದ್ರೂ. ಯಾವ ಜಾಬ್‌ಗೂ ಆ ಜಾಗ ಖಾಲಿ ಬಿಡೋ ಹಾಗಿಲ್ಲ. ಸ್ಟೇಟಸ್ ಏನಾದ್ರೂ ತಪ್ಪಿ ಹೋದ್ರೂ ಫೋನ್ ಮಾಲೀಕರು ನಮ್ಮ ಕಣ್ಣಿಂದ ಮರೆಯಾಗಲ್ಲ.

ಹುಡುಗಿಯ ಕಥೆಗೆ ವಾಪಸ್ ಬರೋಣ. ಅವತ್ತೇ ಆರ್ಡರ್ ಹಾಕಿದ್ರೆ ಗೋದಾಮಿನಲ್ಲಿ ಸ್ಟಾಕ್ ಇಲ್ಲ ಅಂತ ಬಂತು. ಜಾಬ್‌ಗೆ 14 ದಿನ ಆಗಿದೆ, ಪಾರ್ಟ್ ಒಮ್ಮೆ ಬಂದು ನಮ್ಮಿಂದಲೇ ಕೈತಪ್ಪಿದೆ ಅಂತ ಕಂಪನಿಗೆ ಮೇಲ್ ಹಾಕಿದ್ವಿ. ಅವಳಿಗೂ ನಡೆದಿದ್ದನ್ನ ಇದ್ದ ಹಾಗೇ ಹೇಳಿದೆ. ಸಿಮ್ ತೆಗೆದು ಕೊಟ್ವಿ. ಅವರಪ್ಪನದ್ದು ಕೀಪ್ಯಾಡ್ ಫೋನು, ಹಳೇದು, ನ್ಯಾನೋ ಸಿಮ್ ಕೂರಲ್ಲ. ಒಂದು ಪ್ಲಾಸ್ಟಿಕ್ ಅಡಾಪ್ಟರ್ ಹುಡುಕಿ ಕೊಟ್ವಿ. ಓಟಿಪಿ ಬರೋಕೆ ಅಷ್ಟು ಸಾಕು. 'ಶುಕ್ರವಾರ ನಾನೇ ಮಾಡ್ತೀನಿ, ಅಲ್ಲಿವರೆಗೂ ಬಸ್ಸಿಗೆ ದುಡ್ಡು ಹಾಕ್ಬೇಡ' ಅಂದೆ.

ಶುಕ್ರವಾರ, ಜೂನ್ 20. ಕರೆ ಮಾಡಿದೆ, ಅವರಪ್ಪ ಎತ್ತಿದ್ರು. 'ಏನವ್ವ, ಬಂತಾ?' 'ಇಲ್ಲ ಅಣ್ಣ, ಗೋದಾಮಿಗೇ ಬಂದಿಲ್ಲ. ಮಂಗಳವಾರ ಮತ್ತೆ ಮಾಡ್ತೀನಿ.' 'ಆಯ್ತು ಬಿಡವ್ವ' ಅಂದ್ರು, ಅಷ್ಟೇ. ಬೈಸಿಕೊಳ್ಳೋಕೆ ತಯಾರಾಗಿದ್ದ ನನಗೆ ಅದೇ ಆಶ್ಚರ್ಯ. ಮಂಗಳವಾರ ಕರೆ ಮಾಡೋ ಹೊತ್ತಿಗೆ ಪಾರ್ಟ್ ಹೊರಟಿತ್ತು, ಕೊರಿಯರ್ ನಂಬರ್ ಓದಿ ಹೇಳಿದೆ.

ಈ ನಡುವೆ ಒಂದು ಅಪಾಯ ಇತ್ತು, ಇದನ್ನ ಸ್ವಲ್ಪ ಗಮನ ಇಟ್ಟು ಕೇಳಿ. ಹಳೇ ಜಾಬ್‌ಗಳು ಹೆಚ್ಚಾದ್ರೆ ಸರ್ವೀಸ್ ಸೆಂಟರಿನ ರೇಟಿಂಗ್ ಬೀಳುತ್ತೆ. ಹಾಗಾಗಿ ಹಳೇ ಜಾಬನ್ನ ಕ್ಲೋಸ್ ಮಾಡಿ ಅದೇ ಫೋನಿಗೆ ಹೊಸ ಜಾಬ್ ತೆರೆಯೋ ಚಾಳಿ ಕೆಲವು ಕಡೆ ಇದೆ. ನಮ್ಮಲ್ಲೂ 'ಹಾಗೇ ಮಾಡಿಬಿಡೋಣ' ಅಂದವರಿದ್ರು. ಇವಳ ಕೇಸಲ್ಲಿ ಹಾಗೆ ಮಾಡಿದ್ರೆ ಹೊಸ ಶೀಟಿನ ತಾರೀಖು ಜೂನ್ 17 ಆಗ್ತಿತ್ತು. ವಾರಂಟಿ ಮುಗಿದಿದ್ದು 11ಕ್ಕೆ. ಪುಕ್ಕಟೆ ಆಗಬೇಕಿದ್ದ ರಿಪೇರಿಗೆ ಕಂಪ್ಯೂಟರ್ ಬಿಲ್ ಕೇಳ್ತಿತ್ತು. ಜೂನ್ 3ರ ಶೀಟ್ ಜೀವಂತ ಇದ್ದಿದ್ದಕ್ಕೇ ಅದು ವಾರಂಟಿ ಜಾಬ್ ಆಗಿ ಉಳೀತು.

ಇದು ನಿಮಗೆ ಗೊತ್ತಾಗೋದು ಹೇಗೆ? ಫೋನ್ ನಿಮ್ಮ ಕೈಗೆ ಬರೋ ಮುಂಚೆ 'ನಿಮ್ಮ ಸರ್ವೀಸ್ ಪೂರ್ಣಗೊಂಡಿದೆ, ರೇಟಿಂಗ್ ಕೊಡಿ' ಅಂತ ಮೆಸೇಜ್ ಬಂದ್ರೆ, ಅಥವಾ 'ಓಟಿಪಿ ಬಂದಿರುತ್ತೆ ಹೇಳಿ' ಅಂತ ಕೌಂಟರಿಂದ ಕರೆ ಬಂದ್ರೆ, ಅಲ್ಲೇ ನಿಲ್ಲಿಸಿ. ಫೋನ್ ಕೈಯಲ್ಲಿ ಹಿಡಿದು, ಚಾರ್ಜ್ ಹಾಕಿ ನೋಡೋವರೆಗೂ ಆ ಓಟಿಪಿ ಕೊಡಬೇಡಿ. ವಿಚಾರಿಸೋಕೆ ಹೋದಾಗ ಮೊದಲು ಕೊಟ್ಟ ಜಾಬ್ ನಂಬರೇ ಇದೆಯಾ ಅಂತ ಕೇಳಿ. ಶೀಟಿನ ಫೋಟೋ ಮನೆಯವರ ಫೋನಲ್ಲಿ ಇಟ್ಕೊಳ್ಳಿ, ನಿಮ್ಮ ಫೋನಲ್ಲಿ ಇಟ್ರೆ ಅದು ನಮ್ಮ ಹತ್ರ ಇರುತ್ತೆ.

'ಪಾರ್ಟ್ ಬಂತಾ?' ಅಂತ ಕೇಳಬೇಡಿ. ಅದಕ್ಕೆ ಇಲ್ಲ ಅನ್ನೋದು ಸುಲಭ. 'ಆರ್ಡರ್ ನಂಬರ್ ಏನು, ಯಾವತ್ತು ಹಾಕಿದ್ದು, ಈಗ ಎಲ್ಲಿದೆ?' ಅಂತ ಕೇಳಿ. ಆಗ ಕೌಂಟರಲ್ಲಿ ಕೂತವರು ಸ್ಕ್ರೀನ್ ತೆರೀಲೇಬೇಕು. ಆರ್ಡರ್ ನಂಬರೇ ಸಿಗಲಿಲ್ಲ ಅಂದ್ರೆ ಎಲ್ಲೋ ಕೊಂಡಿ ತಪ್ಪಿದೆ ಅಂತ ಅವರಿಗೂ ಗೊತ್ತಾಗುತ್ತೆ.

ವಾರಗಟ್ಟಲೆ ಸರಿಯಾದ ಉತ್ತರವೇ ಸಿಗದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದೂ ಆಗಲಿಲ್ಲ ಅಂದ್ರೆ ಹಾಸನದಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ತೊಂದರೆ ಆದ ಎರಡು ವರ್ಷದೊಳಗೆ ದೂರು ಕೊಡಬೇಕು. ವಸ್ತುವಿಗೆ ಕೊಟ್ಟ ಬೆಲೆ ಐದು ಲಕ್ಷದೊಳಗಿದ್ರೆ ದೂರಿಗೆ ಶುಲ್ಕ ಇಲ್ಲ. ಅಲ್ಲೂ ಮೊದಲು ಕೇಳೋದು ಬಿಲ್ಲು ಮತ್ತೆ ಜಾಬ್ ಶೀಟೇ.

ಬೋರ್ಡ್ ಬಂದಿದ್ದು ಜೂನ್ 26, ಗುರುವಾರ ಮಧ್ಯಾಹ್ನ. ಹಾಕಿ, ಅರ್ಧ ಗಂಟೆ ಚಾರ್ಜಿಗಿಟ್ಟು ನೋಡಿ, ಸಂಜೆ ಕರೆ ಮಾಡಿದೆ. ಮಾರನೇ ದಿನ ಅವಳು ಬಂದು ಫೋನ್ ಆನ್ ಮಾಡಿದ್ಲು. ಅದು ನೆಟ್‌ವರ್ಕ್ ಹುಡುಕ್ತಾನೇ ಇತ್ತು. ಸಿಮ್ ಅವರಪ್ಪನ ಕೀಪ್ಯಾಡ್ ಫೋನಲ್ಲೇ ಉಳಿದಿತ್ತು.