ಒಡಹುಟ್ಟಿದವರ ಸಾಲ, ಬಡ್ಡಿಯ ನ್ಯಾಯ

ತಂದೆಯ ಮನೆಯ ದುರಸ್ತಿಗೆಂದು ಅಣ್ಣ, ತಂಗಿ ಇಬ್ಬರೂ ಸೋದರಮಾವನಿಂದ 2,00,000 ರೂಪಾಯಿ ಸಾಲ ಪಡೆದರೆನ್ನಿ. ಕೊನೆಯಲ್ಲಿ ಒಟ್ಟು ಬಡ್ಡಿಯನ್ನು ಸಮನಾಗಿ ಹಂಚಿದರೆ, ಬೇಗ ತೀರಿಸಿದವರು ತಡಮಾಡಿದವರ ಬಡ್ಡಿಯನ್ನೂ ಹೊರಬೇಕಾಗುತ್ತದೆ. ಆದುದರಿಂದ ಮೊದಲ ದಿನವೇ ತಲಾ ಒಂದು ಲಕ್ಷದ ಎರಡು ಲೆಕ್ಕಗಳನ್ನು ಬರೆದಿಡುವುದು ಲೇಸು.

ಬಡ್ಡಿ ವರ್ಷಕ್ಕೆ ಶೇಕಡಾ 7.3 ಆದರೆ, ಲಕ್ಷಕ್ಕೆ ದಿನವೊಂದಕ್ಕೆ 20 ರೂಪಾಯಿ. ತಂಗಿ ನೂರನೆಯ ದಿನ 22,000 ಕೊಟ್ಟಳು. ಅದರಲ್ಲಿ ಮೊದಲು 2,000 ಬಡ್ಡಿಗೆ, ಉಳಿದ 20,000 ಅಸಲಿಗೆ. ಇನ್ನು ಮೇಲೆ ಅವಳ ದಿನದ ಬಡ್ಡಿ 16 ರೂಪಾಯಿ ಮಾತ್ರ.

ಮತ್ತೆ 50 ದಿನಗಳಿಗೆ ಬಡ್ಡಿ 800 ಆಯಿತು; ಅವಳು ಕೊಟ್ಟದ್ದು 500. ಬಾಕಿ 300ನ್ನು ಅಸಲಿಗೆ ಸೇರಿಸಿದರೆ ಅದು ಚಕ್ರಬಡ್ಡಿಯಾಗುತ್ತದೆ. ಅದನ್ನು ಬೇರೆಯಾಗಿ ಬರೆದಿಟ್ಟು, ಮುಂದಿನ ಹಣದಲ್ಲಿ ಮೊದಲು ಮುರಿದುಕೊಳ್ಳಬೇಕು. ಏನನ್ನೂ ಕೊಡದ ಅಣ್ಣನ ಬಡ್ಡಿ ಅಷ್ಟರಲ್ಲಿ 3,000, ತಂಗಿಯದು 2,800. ದಿನಗಳು ಕಳೆದಂತೆ ಈ ಅಂತರ ಬೆಳೆಯುತ್ತದೆ.