ಹೆಸರಿನ ಕೆಳಗಿನ ಸಾಲು

ಲಿಂಕ್ಡ್‌ಇನ್‌ನಲ್ಲಿ ನೀವು ಕಾಮೆಂಟ್ ಹಾಕಿದರೂ, ಕನೆಕ್ಷನ್ ಕೋರಿದರೂ ಎದುರಿನವರಿಗೆ ಮೊದಲು ಕಾಣುವುದು ಫೋಟೊ, ಹೆಸರು ಮತ್ತು ಅದರ ಕೆಳಗಿನ ಹೆಡ್‌ಲೈನ್. ಇಂಟರ್ನ್‌ಶಿಪ್ ಹುಡುಕುವ ಕೊನೆಯ ವರ್ಷದವರು ಅಲ್ಲಿ ಕಾಲೇಜಿನ ಹೆಸರು ಬರೆದು ಸುಮ್ಮನಾಗುತ್ತಾರೆ. ಇಲ್ಲವೇ ತಾವು ಉತ್ಸಾಹಿಗಳೆಂದು ಹೇಳಿಕೊಳ್ಳುತ್ತಾರೆ. ನೇಮಕಾತಿಯವರು ಟೈಪ್ ಮಾಡಿ ಹುಡುಕುವುದು ಹುದ್ದೆ, ಕೌಶಲಗಳ ಹೆಸರನ್ನು. ಉತ್ಸಾಹವನ್ನು ಯಾರು ಹುಡುಕುತ್ತಾರೆ?

ಹೆಡ್‌ಲೈನಿಗೆ 220 ಅಕ್ಷರಗಳ ಮಿತಿಯಿದೆ. ಆದರೆ ಮೊಬೈಲಿನಲ್ಲಿ ಅನೇಕ ಕಡೆ ಆರಂಭದ ತುಣುಕಷ್ಟೇ ಕಾಣುವುದರಿಂದ ಕೆಲಸ ಮುಂದಿರಲಿ, ಕಾಲೇಜು ಹಿಂದಿರಲಿ. ಬಿ.ಕಾಂ. ವಿದ್ಯಾರ್ಥಿನಿಯೊಬ್ಬಳು ಹೀಗೆ ಬರೆಯಬಹುದು:

`Data Analyst Intern (seeking) | Excel, SQL | Final-year BCom`

ಇಷ್ಟು ಬರೆದ ಮೇಲೆ ಪುರಾವೆ ಬೇಕು. ಅದಕ್ಕಿರುವುದೇ `Featured` ವಿಭಾಗ. ಅಲ್ಲಿ ಹತ್ತು ಸರ್ಟಿಫಿಕೇಟುಗಳನ್ನು ಪೇರಿಸುವುದಕ್ಕಿಂತ ಒಂದೇ ಪ್ರಾಜೆಕ್ಟ್ ಸಾಕು. ಕೋಲಾರ ಎಪಿಎಂಸಿಯ ಟೊಮೆಟೊ ದರಗಳನ್ನು ಎಕ್ಸೆಲ್‌ನಲ್ಲಿ ಸೇರಿಸಿ, ಆವಕ ಹೆಚ್ಚಿದಾಗ ದರ ಎಷ್ಟು ಕುಸಿಯುತ್ತದೆ ಎಂದು ಆಕೆ ನೋಡಿದ್ದಾಳೆ ಎನ್ನಿ. ಪೋಸ್ಟಿನಲ್ಲಿ ಚಾರ್ಟ್ ಹಾಕಿ ಬಿಟ್ಟರೆ ಸಾಲದು. ಮಾರುಕಟ್ಟೆ ರಜೆಯ ದಿನಗಳ ಖಾಲಿ ಸಾಲುಗಳನ್ನು ಏನು ಮಾಡಿದಳು, ಸೊನ್ನೆ ಎಂದು ತುಂಬಿದ್ದರೆ ಸರಾಸರಿ ಹೇಗೆ ಕೆಡುತ್ತಿತ್ತು ಎಂಬುದನ್ನೂ ಬರೆಯಬೇಕು. ಸಂದರ್ಶನದಲ್ಲಿ ಕೆದಕಿ ಕೇಳುವುದು ಇದನ್ನೇ. ಬೇರೆಯವರ ಪ್ರಾಜೆಕ್ಟ್ ನಕಲು ಮಾಡಿದವರು ತಡವರಿಸುವುದೂ ಇಲ್ಲಿಯೇ.